ದುಬೈ ಬಾಡಿಗೆ ಕರಾರಿನ ಅರೇಬಿಕ್ ಅನುಬಂಧ: ಡೆಪಾಸಿಟ್, ರಿಪೇರಿ, ಮನೆ ಖಾಲಿ ಮಾಡಿಸೋ ಷರತ್ತು – ಈ ಇಂಗ್ಲಿಷ್ ಅನುವಾದ ಸರಿ ಇದೆಯಾ?

ಕುಂದಾಪ್ರ ಹುಡುಗ

ಎಲ್ಲರಿಗೂ ನಮಸ್ಕಾರ. ದುಬೈನ ಅಲ್ ಖಿಸೈಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆ ಸಿಕ್ಕಿದೆ. ವರ್ಷಕ್ಕೆ 60,000 ದಿರ್ಹಮ್, ನಾಲ್ಕು ಚೆಕ್. ಡೆಪಾಸಿಟ್ 3,000. ಇಜಾರಿ, ಅಂದ್ರೆ ಸರ್ಕಾರದಲ್ಲಿ ಬಾಡಿಗೆ ಕರಾರು ನೋಂದಾಯಿಸೋ ಫಾರ್ಮಿನಲ್ಲಿ ಅರೇಬಿಕ್, ಇಂಗ್ಲಿಷ್ ಎರಡೂ ಇದೆ. ಅದನ್ನು ಓದಿಕೊಂಡೆ, ತೊಂದರೆ ಇಲ್ಲ.

ಆದರೆ ಅದರ ಜೊತೆಗೆ ಎರಡು ಪುಟದ ಅನುಬಂಧ ಕೊಟ್ಟಿದ್ದಾರೆ. ಪೂರ್ತಿ ಅರೇಬಿಕ್. ಅದಕ್ಕೂ ಸಹಿ ಬೇಕಂತೆ. "ಎಲ್ಲರಿಗೂ ಕೊಡೋದೇ ಇದು, ಸುಮ್ನೆ ಸೈನ್ ಮಾಡಿ" ಅಂದರು ಏಜೆಂಟ್. ನಾನು ಪಕ್ಕದ ಟೈಪಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಮಾಡಿಸಿದೆ. ಓದಿದ ಮೇಲೆ ಹೆದರಿಕೆ ಜಾಸ್ತಿಯಾಯಿತು. ಮುಖ್ಯವಾದ ನಾಲ್ಕು ಷರತ್ತು ಕನ್ನಡದಲ್ಲಿ ಹಾಕ್ತೇನೆ, ಇಂಗ್ಲಿಷ್‌ನಲ್ಲಿ ಹೇಗಿದೆಯೋ ಹಾಗೆ:

4: ಬಾಡಿಗೆದಾರ 3,000 ದಿರ್ಹಮ್ ಇನ್ಶೂರೆನ್ಸ್ ಹಣ ಕಟ್ಟಬೇಕು. ಹಾನಿ ಮತ್ತು ಸಹಜ ಬಳಕೆಯ ಹಣ ಕಳೆದು ಉಳಿದದ್ದನ್ನು ವಾಪಸ್ ಕೊಡಲಾಗುವುದು.

6: 500 ದಿರ್ಹಮ್ ಒಳಗಿನ ರಿಪೇರಿ ಮಾಲೀಕನದು. 500ಕ್ಕಿಂತ ಜಾಸ್ತಿಯಾದರೆ ಬಾಡಿಗೆದಾರನದು.

9: ಅವಧಿಗೆ ಮುಂಚೆ ಮನೆ ಖಾಲಿ ಮಾಡಿಸಿದಲ್ಲಿ ಬಾಡಿಗೆದಾರ ಎರಡು ತಿಂಗಳ ಬಾಡಿಗೆ ಕೊಡಬೇಕು.

11: ಅವಧಿ ಮುಗಿದ ದಿನ ಕರಾರು ತಾನಾಗಿಯೇ ಮುಗಿಯುತ್ತದೆ. ನೋಟಿಸ್ ಇಲ್ಲದೆ, ಕೋರ್ಟ್ ತೀರ್ಪಿಲ್ಲದೆ ಬಾಡಿಗೆದಾರ ಮನೆ ಬಿಡಬೇಕು.

ಇದಕ್ಕೆ ಸಹಿ ಹಾಕಬಹುದಾ? 9 ನೋಡಿ, ಅವರೇ ನನ್ನನ್ನು ಹೊರಗೆ ಹಾಕಿ, ನಾನೇ ದುಡ್ಡು ಕೊಡಬೇಕಾ?

ಗಲ್ಫ್ ಹಳಬ

ತಮ್ಮಾ, ಹೆದರಬೇಡ. ನಾನು ದುಬೈಯಲ್ಲಿ ಎಷ್ಟೋ ಮನೆ ಬದಲಾಯಿಸಿದವ. ಇಲ್ಲಿ ಬಾಡಿಗೆದಾರನನ್ನು ಎಬ್ಬಿಸಬೇಕಂದ್ರೆ 12 ತಿಂಗಳ ನೋಟಿಸ್ ಕೊಡಲೇಬೇಕು. ಕಾನೂನೇ ಹಾಗಿದೆ. ಕರಾರಿನಲ್ಲಿ ಏನು ಬರೆದ್ರೂ ಕಾನೂನಿನ ಮುಂದೆ ಅದು ಬರೀ ಕಾಗದ. ಕಣ್ಣು ಮುಚ್ಚಿ ಸಹಿ ಹಾಕು. ಇನ್ನು ಆ ಇನ್ಶೂರೆನ್ಸ್ ಅಂದ್ರೆ ದೇವಾದ ಡೆಪಾಸಿಟ್ ಇರ್ಬೇಕು, ಕರೆಂಟ್ ನೀರಿನದ್ದು. ಅದಕ್ಕೇ "ಬಳಕೆ ಕಳೆದು" ಅಂತ ಬರೆದಿದ್ದಾರೆ.

ಬನಶಂಕರಿ ಓನರ್

3,000 ಅಂದ್ರೆ ನಮ್ಮ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆಯೂ ಆಗಲಿಲ್ಲವಲ್ಲ! ಬೆಂಗಳೂರಲ್ಲಿ ನಾವು ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದ್ವಿ, ಈಗ ಐದಾರಕ್ಕೆ ಇಳಿದಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ವಾಡಿಕೆ. 11 ತಿಂಗಳ ಕರಾರು ಮಾಡಿಸಿಕೊಳ್ಳಿ, ರಿಜಿಸ್ಟ್ರೇಷನ್ ತಾಪತ್ರಯ ಇರಲ್ಲ.

ಕುಂದಾಪ್ರ ಹುಡುಗ

ಸರ್, ಇದು ದುಬೈ ಮನೆ. ಇಲ್ಲಿ ಇಜಾರಿ ನೋಂದಣಿ ಆಗದಿದ್ರೆ ದೇವಾ ಕನೆಕ್ಷನ್ನೇ ಸಿಗಲ್ಲ.

ದೇರಾ ದುಭಾಷಿ

ನಾನು ಭಟ್ಕಳದವನು. ದೇರಾದ ಒಂದು ಕಾನೂನು ಅನುವಾದದ ಆಫೀಸಿನಲ್ಲಿ ಕೆಲಸ. ಬಾಡಿಗೆ ಕರಾರುಗಳು ದಿನಾ ಕೈಗೆ ಬರುತ್ತವೆ. ಕುಂದಾಪ್ರ ಅವರೇ, ಇಂಗ್ಲಿಷ್ ಪುಟ ಬದಿಗಿಡಿ. ಅರೇಬಿಕ್ ಪುಟದ ಫೋಟೋ ಕಳಿಸಿ, ಹೆಸರು ನಂಬರು ಮುಚ್ಚಿ. ನೀವು ಸಹಿ ಹಾಕೋದು ಅರೇಬಿಕ್‌ಗೆ. ನಾಳೆ ಜಗಳ ಆದರೆ ಬಾಡಿಗೆ ವಿವಾದ ಕೇಂದ್ರದಲ್ಲಿ ಓದೋದೂ ಅದನ್ನೇ. ನಿಮ್ಮ ಇಂಗ್ಲಿಷ್ ಕಾಗದ ಅಲ್ಲಿ ಲೆಕ್ಕಕ್ಕೇ ಬರಲ್ಲ.

ಆದರೆ ಅರೇಬಿಕ್ ನೋಡೋ ಮುಂಚೆಯೇ ಒಂದು ಮಾತು ಹೇಳಬಲ್ಲೆ. ನಿಮ್ಮ 6ನೇ ಷರತ್ತು ತಲೆಕೆಳಗಾಗಿದೆ. ಚಿಲ್ಲರೆ ರಿಪೇರಿ ಮಾಲೀಕನಿಗೆ, ದೊಡ್ಡ ರಿಪೇರಿ ಬಾಡಿಗೆದಾರನಿಗೆ ಅಂತ ಯಾವ ಮಾಲೀಕನೂ ಬರೆಸಲ್ಲ. ದೊಡ್ಡದನ್ನು ಬಾಡಿಗೆದಾರನ ತಲೆಗೆ ಕಟ್ಟುವವನು ಚಿಕ್ಕದನ್ನೂ ಕಟ್ಟುತ್ತಾನೆ, ಅಲ್ವಾ?

ಕುಂದಾಪ್ರ ಹುಡುಗ

ಕಳಿಸಿದ್ದೇನೆ ಭಾಯ್, ಮೆಸೇಜ್ ನೋಡಿ.

ಸುಮಾ ಶಾರ್ಜಾ

ನಮ್ಮದೂ ಇದೇ ಕಥೆ. ಮನೆ ಬಿಡುವಾಗ ಗೋಡೆಯ ಮೊಳೆ ತೂತಿಗೆ, ಅಡುಗೆಮನೆ ಕ್ಯಾಬಿನೆಟ್ ಬಣ್ಣ ಮಾಸಿದ್ದಕ್ಕೆ ಎಲ್ಲ ಸೇರಿಸಿ ಇಡೀ ಡೆಪಾಸಿಟ್ ಹಿಡಿದುಕೊಂಡರು. ಕೀ ಕೊಡುವಾಗ ನಾವು ಫೋಟೋ ತೆಗೆದಿರಲಿಲ್ಲ. ಈಗ ನಾವು ಇರುವ ಮನೆಗೂ 12 ತಿಂಗಳ ನೋಟಿಸ್ ನಿಯಮ ಇದೆ ತಾನೇ?

ದೇರಾ ದುಭಾಷಿ

ಸುಮಕ್ಕಾ, ನಿಮ್ಮದು ಶಾರ್ಜಾ. ಅಲ್ಲಿಗೆ ಬೇರೆ ಕಾನೂನು. 2024ರಲ್ಲಿ ಹೊಸದಾಗಿ ಬಂದಿದೆ. ಅಬುಧಾಬಿಗೆ ಮತ್ತೊಂದು. ದುಬೈಗೆ 2007ರ 26ನೇ ಕಾನೂನು, ಅದನ್ನು 2008ರ 33ನೇ ಕಾನೂನು ತಿದ್ದಿದೆ. ರಸ್ತೆ ದಾಟಿದರೆ ಎಮಿರೇಟ್ ಬದಲಾಗುತ್ತೆ, ನಿಯಮವೂ ಬದಲಾಗುತ್ತೆ. ದುಬೈ-ಶಾರ್ಜಾ ಗಡಿಯ ನಹ್ದಾದಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಇಲ್ಲಿ ನಾನು ಹೇಳೋದೆಲ್ಲ ದುಬೈಗೆ ಮಾತ್ರ.

ಈಗ ಕುಂದಾಪ್ರ ಅವರ ಪುಟ. ಓದಿದೆ. ಡೆಪಾಸಿಟ್‌ನಿಂದ ಶುರು ಮಾಡೋಣ.

ಅರೇಬಿಕ್‌ನಲ್ಲಿ ಇರೋದು "ಮಬ್ಲಗ್ ಅತ್ತಾಮೀನ್". ತಾಮೀನ್ ಅಂದರೆ ಇನ್ಶೂರೆನ್ಸ್ ಕೂಡ ಹೌದು, ಭದ್ರತೆಗೆ ಇಡುವ ಹಣವೂ ಹೌದು. ಬಾಡಿಗೆ ಕರಾರಿನಲ್ಲಿ ಅದು ಡೆಪಾಸಿಟ್ಟೇ. ಹಳಬರು ಹೇಳಿದ ದೇವಾ ಹಣ ಅಲ್ಲ. ದೇವಾಗೆ ಫ್ಲ್ಯಾಟಿನವರು ಕಟ್ಟುವ 2,000 ಬೇರೆ. ಅದು ದೇವಾದವರ ಹತ್ತಿರ ಇರುತ್ತೆ, ಕೊನೆಯ ಬಿಲ್ ಕಳೆದು ಅವರೇ ವಾಪಸ್ ಕೊಡ್ತಾರೆ. ಮಾಲೀಕನಿಗೂ ಅದಕ್ಕೂ ಸಂಬಂಧ ಇಲ್ಲ. ಪೀಠೋಪಕರಣ ಇಲ್ಲದ ಮನೆಗೆ ವರ್ಷದ ಬಾಡಿಗೆಯ ಶೇ. 5, ಇದ್ದರೆ ಶೇ. 10 ಡೆಪಾಸಿಟ್ ಕೇಳೋದು ಇಲ್ಲಿನ ವಾಡಿಕೆ. 60,000ಕ್ಕೆ 3,000 ಸರಿಯಾಗಿ ಕೂರುತ್ತೆ ನೋಡಿ.

ಮುಖ್ಯ ತಪ್ಪು ಇರೋದು ಅದರ ಮುಂದಿನ ಸಾಲಿನಲ್ಲಿ. ಅರೇಬಿಕ್‌ನಲ್ಲಿ "ಹಾನಿಯ ಬೆಲೆ ಕಳೆದು" ಅಂತಾದ ಮೇಲೆ "ಫೀಮಾ ಅದಾ ಅಲ್‌ಇಸ್ತಿಹ್ಲಾಕ್ ಅತ್ತಬೀಈ" ಅಂತಿದೆ. "ಸಹಜ ಸವೆತವನ್ನು ಬಿಟ್ಟು" ಅಂತ ಅರ್ಥ. ಟೈಪಿಂಗ್ ಸೆಂಟರಿನವರು "ಬಿಟ್ಟು" ಅನ್ನೋದನ್ನು ನುಂಗಿ "ಮತ್ತು" ಮಾಡಿದ್ದಾರೆ. ಇಸ್ತಿಹ್ಲಾಕ್ ಅನ್ನೋದು ಕರೆಂಟ್ ಬಿಲ್ಲಿನಲ್ಲೂ ಬರುವ ಪದ, ಅದಕ್ಕೇ "ಬಳಕೆ" ಅಂತ ಹಾಕಿದ್ದಾರೆ. ಹೀಗಾಗಿ ನಿಮ್ಮನ್ನು ಕಾಪಾಡುವ ಸಾಲು ನಿಮ್ಮಿಂದ ದುಡ್ಡು ಕೀಳುವ ಸಾಲಾಗಿದೆ. ಅರೇಬಿಕ್‌ನ 4ನೇ ಷರತ್ತು ಚೆನ್ನಾಗೇ ಇದೆ, ಕಾನೂನಿನ 20, 21ನೇ ಕಲಮುಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ. ಡೆಪಾಸಿಟ್ ಅಥವಾ ಅದರಲ್ಲಿ ಉಳಿದದ್ದನ್ನು ಮಾಲೀಕ ಕರಾರು ಮುಗಿದಾಗ ವಾಪಸ್ ಕೊಡಬೇಕು. ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಕೊಡಬೇಕು, ಮಾಮೂಲಿ ಸವೆತ ಬಿಟ್ಟು.

ಗಲ್ಫ್ ಹಳಬ

ಸರಿ, ದೇವಾ ವಿಷಯ ಒಪ್ಪಿದೆ. ಆದ್ರೂ ಸವೆತ ಯಾವುದು, ಹಾನಿ ಯಾವುದು ಅಂತ ಹೇಳೋರ್ಯಾರು? ಅಲ್ಲೇ ಎಲ್ಲರೂ ಸಿಕ್ಕಿ ಬೀಳೋದು.

ದೇರಾ ದುಭಾಷಿ

ಅದು ನಿಜ. ಕಾನೂನಿನಲ್ಲಿ ಪಟ್ಟಿ ಇಲ್ಲ. ಬಿಸಿಲಿಗೆ ಬಣ್ಣ ಮಾಸೋದು ಸವೆತ, ಬಾಗಿಲು ಒಡೆದಿದ್ದು ಹಾನಿ. ನಡುವಿನದ್ದೆಲ್ಲ ಸಾಕ್ಷಿಯ ಮೇಲೆ ನಿಲ್ಲುತ್ತೆ. ಕೀ ತಗೊಂಡ ದಿನ ಒಂದೊಂದು ಕೋಣೆಯ ಫೋಟೋ ತೆಗೆದು ಏಜೆಂಟ್‌ಗೆ ಇಮೇಲ್ ಮಾಡಿ. ವಾಟ್ಸಾಪ್ ಕೂಡ ನಡೆಯುತ್ತೆ, ಆದರೆ ಇಮೇಲ್‌ನಲ್ಲಿ ತಾರೀಖು, ಹೆಸರು ನೀಟಾಗಿ ಇರುತ್ತೆ. ರಸೀದಿಯಲ್ಲಿ "ತಾಮೀನ್" ಅಂತ ಬರೆಸಿ. ಸುಮ್ನೆ "ಹಣ ಬಂದಿದೆ" ಅಂತ ಬರೆದರೆ ಅದು ಕಮಿಷನ್ನೋ ಬಾಡಿಗೆಯೋ ಅಂತ ವಾದ ಬರುತ್ತೆ.

ಇನ್ನೊಂದು ಲೆಕ್ಕ. ಡೆಪಾಸಿಟ್ ಕೊಡದಿದ್ದರೆ ವಿವಾದ ಕೇಂದ್ರಕ್ಕೆ ಹೋಗಬಹುದು. ಶುಲ್ಕ ಕೇಳುವ ಮೊತ್ತದ ಶೇ. 3.5, ಆದರೆ ಕನಿಷ್ಠ 500 ದಿರ್ಹಮ್. 3,000ಕ್ಕೆ ಶೇ. 3.5 ಅಂದರೆ 105, ಆದರೂ 500 ಕಟ್ಟಬೇಕು. ಅದರ ಮೇಲೆ ನಿಮ್ಮ ಇಂಗ್ಲಿಷ್ ಇಮೇಲ್, ಇಂಗ್ಲಿಷ್ ರಿಪೋರ್ಟ್ ಎಲ್ಲ ಲೈಸೆನ್ಸ್ ಇರುವ ಕಾನೂನು ಅನುವಾದಕರಿಂದ ಅರೇಬಿಕ್‌ಗೆ ಮಾಡಿಸಬೇಕು. ಜನ ಕರಾರನ್ನು ಇಂಗ್ಲಿಷ್ ಮಾಡಿಸೋಕೆ ಸ್ಟಾಂಪ್ ಹಾಕಿದ ಅನುವಾದಕ್ಕೆ ದುಡ್ಡು ಸುರೀತಾರೆ. ಅದು ನಿಮಗೆ ಅರ್ಥ ಆಗೋಕೆ ಅಷ್ಟೇ, ಸ್ಟಾಂಪ್ ಬೇಕಿಲ್ಲ, ಸರಿಯಾಗಿ ಓದುವವರು ಬೇಕು. ಸ್ಟಾಂಪ್ ಬೇಕಾಗೋದು ನಿಮ್ಮ ಇಂಗ್ಲಿಷ್ ಸಾಕ್ಷಿ ಅರೇಬಿಕ್‌ಗೆ ಹೋಗುವಾಗ.

ಸುಮಾ ಶಾರ್ಜಾ

ಹಾಗಾದ್ರೆ ಸಣ್ಣ ಡೆಪಾಸಿಟ್‌ಗೆ ಕೇಸ್ ಹಾಕೋದು ದಂಡ ಅನ್ನಿ. ಅದು ಗೊತ್ತಿದ್ದೇ ಹಿಡ್ಕೊಳ್ತಾರೆ.

ದೇರಾ ದುಭಾಷಿ

ಕೇಸ್ ಗೆದ್ದರೆ ಶುಲ್ಕ ಎದುರಿನವರ ಮೇಲೆ ಬರಬಹುದು ಅಕ್ಕಾ. ಆದರೂ 3,000ಕ್ಕೆ ಓಡಾಡುವ ತಾಳ್ಮೆ ಎಷ್ಟು ಜನಕ್ಕಿದೆ ಹೇಳಿ.

ಈಗ 6. ನಾನು ಅಂದುಕೊಂಡ ಹಾಗೇ ಇದೆ. ಮಾಲೀಕನಿಗೆ ಅರೇಬಿಕ್‌ನಲ್ಲಿ ಮುಅಜ್ಜಿರ್, ಬಾಡಿಗೆದಾರನಿಗೆ ಮುಸ್ತಾಜಿರ್. ಬೇಗ ಬೇಗ ಟೈಪ್ ಮಾಡುವವರು ಇವೆರಡನ್ನು ಅದಲುಬದಲು ಮಾಡ್ತಾರೆ. ಅರೇಬಿಕ್ ಬಾರದವರೂ ಇದನ್ನು ಗುರುತಿಸಬಹುದು. ಬಾಡಿಗೆದಾರನ ಪದದಲ್ಲಿ ಮೀಮ್ ಆದ ಮೇಲೆ ಗರಗಸದ ಹಲ್ಲಿನಂತೆ ಮೂರು ಹಲ್ಲಿನ ಸೀನ್, ಅದರ ಪಕ್ಕ ಮೇಲೆ ಎರಡು ಚುಕ್ಕಿಯ ತಾ ಇರುತ್ತೆ. ಮಾಲೀಕನ ಪದದಲ್ಲಿ ಆ ಹಲ್ಲು ಇಲ್ಲ, ಪದ ಗಿಡ್ಡ. ನಿಮ್ಮ ಪುಟದಲ್ಲಿ ಯಾವ ಷರತ್ತಿನಲ್ಲಿ ಯಾವುದು ಎಷ್ಟು ಸಲ ಬಂದಿದೆ ನೋಡಿ, ಇಂಗ್ಲಿಷ್‌ನಲ್ಲೂ ಅಷ್ಟೇ ಸಲ ಬಂದಿದೆಯಾ ನೋಡಿ. ತಾಳೆ ಆಗದಿದ್ದರೆ ಅಲ್ಲಿ ಏನೋ ಎಡವಟ್ಟಾಗಿದೆ.

ಹಾಗೇ, ಅಂಕಿ. ನಿಮ್ಮ ಪುಟದಲ್ಲಿ ಅರೇಬಿಕ್ ಅಂಕಿ ಬಳಸಿದ್ದಾರೆ. ಅಲ್ಲಿ ಸೊನ್ನೆ ಅನ್ನೋದು ಬರೀ ಚುಕ್ಕಿ. ನಮ್ಮ ಸೊನ್ನೆಯಂತೆ ಕಾಣೋದು ಐದು. ಏಳಿನಂತೆ ಕಾಣೋದು ಆರು.

ಕುಂದಾಪ್ರ ಹುಡುಗ

ಅಯ್ಯೋ, ನೋಡಿದೆ. 6ರಲ್ಲಿ ಮೊದಲ ಸಾಲಲ್ಲೇ ಹಲ್ಲು ಇರುವ ಪದ ಇದೆ! ಅಂದ್ರೆ 500 ಒಳಗಿನದ್ದು ನನ್ನದು, ಮೇಲಿನದ್ದು ಅವರದು. ಹಾಗಿದ್ರೆ ಎಸಿ ಕೆಟ್ಟು 1,800 ಬಿಲ್ ಬಂದ್ರೆ ಪೂರ್ತಿ ಅವರೇ ಕೊಡ್ತಾರಲ್ವಾ?

ದೇರಾ ದುಭಾಷಿ

ಇಲ್ಲೇ ಇರೋದು ಮಜಾ. ಇಲ್ಲ, ಪೂರ್ತಿ ಕೊಡಲ್ಲ.

ಅರೇಬಿಕ್‌ನಲ್ಲಿ "500ಕ್ಕಿಂತ ಜಾಸ್ತಿಯಾದರೆ ಮಾಲೀಕನದು" ಅಂತ ಇಲ್ಲ. "ಫೀಮಾ ಝಾದ ಅಲಾ" ಅಂತಿದೆ, ಅಂದರೆ "500ರ ಮೇಲೆ ಎಷ್ಟು ಉಳಿಯುತ್ತೋ ಅಷ್ಟು ಮಾಲೀಕನದು". 1,800 ಬಿಲ್ ಬಂದರೆ ಮೊದಲ 500 ನೀವು ಕೊಡಬೇಕು, 1,300 ಅವರು. "ಇದಾ ಝಾದತ್" ಅಂತ ಇದ್ದಿದ್ದರೆ, ಬಿಲ್ 500 ದಾಟಿದ ಕೂಡಲೇ ಇಡೀ 1,800 ಅವರದ್ದೇ ಆಗುತ್ತಿತ್ತು. ಎರಡರ ನಡುವೆ ನಿಮ್ಮ ಜೇಬಿಗೆ 500ರ ವ್ಯತ್ಯಾಸ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 500 ಅನ್ನೋದು ಒಂದೊಂದು ರಿಪೇರಿಗಾ, ಇಡೀ ವರ್ಷಕ್ಕಾ ಅಂತ ನಿಮ್ಮ ಪುಟದಲ್ಲಿ ಬರೆದೇ ಇಲ್ಲ. ಬೇಸಿಗೆಯಲ್ಲಿ ಎಸಿ ಮೂರು ಸಲ ಕೆಟ್ಟು, ಬಿಲ್ 350, 450, 1,800 ಬಂತು ಅಂದುಕೊಳ್ಳಿ. ಒಂದೊಂದು ಸಲಕ್ಕೆ ಅಂದರೆ ನೀವು 350, 450, 500 ಸೇರಿ 1,300 ಕೊಡ್ತೀರಿ. ವರ್ಷಕ್ಕೆ ಅಂದರೆ ಒಟ್ಟು 500 ಅಷ್ಟೇ. ಮಾಲೀಕ ಯಾವುದನ್ನು ಹೇಳ್ತಾನೆ ಅಂತ ಬೇರೆ ಹೇಳಬೇಕಾ?

ಗಲ್ಫ್ ಹಳಬ

ಇದೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ಕಾನೂನಿನಲ್ಲೇ ಮೇಂಟೆನೆನ್ಸ್ ಮಾಲೀಕನ ಜವಾಬ್ದಾರಿ ಅಂತ ಇದೆ. ಕೇಸ್ ಹಾಕಿದ್ರೆ ಷರತ್ತು 6 ಬಿದ್ದು ಹೋಗುತ್ತೆ.

ದೇರಾ ದುಭಾಷಿ

ಹಳಬರೇ, ನೀವು ಹೇಳಿದ್ದು ಅರ್ಧ ಸರಿ. 16ನೇ ಕಲಮು ಹಾಗೇ ಹೇಳುತ್ತೆ. ಕರಾರಿನ ಅವಧಿಯಲ್ಲಿ ರಿಪೇರಿ, ಮನೆ ಬಳಕೆಗೆ ಅಡ್ಡಿಯಾಗುವ ದೋಷ ಸರಿಪಡಿಸೋದು ಮಾಲೀಕನದು. ಆದರೆ ಅದು ಶುರುವಾಗೋದೇ "ಎರಡೂ ಕಡೆಯವರು ಬೇರೆ ರೀತಿ ಒಪ್ಪದಿದ್ದರೆ" ಅಂತ. ಷರತ್ತು 6 ಅಂದರೆ ಆ ಬೇರೆ ರೀತಿಯ ಒಪ್ಪಂದವೇ. ಸಹಿ ಬಿದ್ದ ಮೇಲೆ ಅದು ನಿಲ್ಲುತ್ತೆ.

ಖಾಲಿ ಮಾಡಿಸುವ ವಿಷಯ ಹಾಗಲ್ಲ. ಅಲ್ಲಿ ಕಾರಣ, ನೋಟಿಸ್ ಎಲ್ಲ ಕಾನೂನೇ ಕಟ್ಟಿಟ್ಟಿದೆ. ಅದಕ್ಕೇ ಜನ ಹೆದರೋದು 11ಕ್ಕೆ, ದುಡ್ಡು ಕಳಕೊಳ್ಳೋದು 6ರಲ್ಲಿ. ಕುಂದಾಪ್ರ ಅವರೇ, ಚೌಕಾಸಿ ಮಾಡೋದಿದ್ದರೆ 6ಕ್ಕೆ ಮಾಡಿ.

ಎಸಿ ಹಮೀದ್

ನಾನು ಉಳ್ಳಾಲದವ, ಇಲ್ಲಿ ಎಸಿ ಕೆಲಸ. ರಿಪೇರಿ ಬಗ್ಗೆ ನನಗೆ ಗೊತ್ತಿರೋದು ಹೇಳ್ತೇನೆ. ಕಾನೂನು ಗೊತ್ತಿಲ್ಲ.

ನೀರು ತೊಟ್ಟಿಕ್ಕೋದು ಅಂದ್ರೆ ಹೆಚ್ಚಾಗಿ ಡ್ರೇನ್ ಪೈಪ್ ಕಟ್ಟಿದ್ದು. ಕೆಪಾಸಿಟರ್ ಹೋಗೋದು, ಅದೂ ಚಿಕ್ಕ ಕೆಲಸ. ಇವೆಲ್ಲ 500 ದಾಟಲ್ಲ. ಕಂಪ್ರೆಸರ್ ಹೋದ್ರೆ, ಕಾಯಿಲ್ ತೂತಾಗಿ ಗ್ಯಾಸ್ ಖಾಲಿಯಾದ್ರೆ ದೊಡ್ಡ ಬಿಲ್. ಆಗ ಮಾಲೀಕನ ಕಡೆಯವರು ಒಂದೇ ಮಾತು ಹೇಳೋದು: "ನೀವು ಫಿಲ್ಟರ್ ಕ್ಲೀನ್ ಮಾಡಿಲ್ಲ, ಅದಕ್ಕೇ ಹೋಯ್ತು." ಅಂದ್ರೆ ಸವೆತ ಅಲ್ಲ, ನಿಮ್ಮ ತಪ್ಪು ಅಂತ. ಹಂಗಾಗಿ ಬಿಲ್‌ನಲ್ಲಿ ಬರೀ "ಎಸಿ ರಿಪೇರಿ" ಅಂತ ಬರೆಸ್ಬೇಡಿ. ಯಾವ ಪಾರ್ಟ್ ಹೋಗಿದೆ, ಯಾಕೆ ಹೋಗಿದೆ ಅಂತ ಬರೆಸಿ. ಹಳೇ ಮಷಿನ್ ಆದ್ರೆ ಔಟ್‌ಡೋರ್ ಯೂನಿಟ್ ಮೇಲಿನ ತಯಾರಿಕೆ ವರ್ಷದ ಲೇಬಲ್ ಫೋಟೋ ತೆಗೀರಿ. ಇನ್ನೊಂದು, ಗ್ಯಾಸ್ ತುಂಬಿಸಿದ್ದು ಬೇಗ ಖಾಲಿ ಆಯ್ತು ಅಂದ್ರೆ ಲೀಕ್ ಹುಡುಕದೇ ಸುಮ್ನೆ ತುಂಬ್ತಾ ಇದ್ದಾರೆ ಅಂತ. ಒಂದೊಂದು ಸಲವೂ 500ರ ಒಳಗೇ ಇರುತ್ತೆ, ಪ್ರತಿ ಸಲ ನೀವೇ ಕೊಡ್ತೀರಿ. ಹಂಗೆ ಮಾಡಿಸೋದನ್ನ ನಾನು ಕಣ್ಣಾರೆ ನೋಡಿದ್ದೇನೆ.

ದೇರಾ ದುಭಾಷಿ

ಹಮೀದ್ ಭಾಯ್ ಹೇಳಿದ್ದು ಬಹಳ ಮುಖ್ಯ. ಒಂದೇ ದೋಷವನ್ನು ತುಂಡು ತುಂಡು ಮಾಡಿ ಬಿಲ್ ಹಾಕೋದನ್ನು ತಡೆಯೋಕೇ "ವರ್ಷಕ್ಕೆ ಒಟ್ಟು" ಅಂತ ಬರೆಸಬೇಕು.

ಬನಶಂಕರಿ ಓನರ್

ಎಲ್ಲರೂ ಬಾಡಿಗೆದಾರನ ಪರವೇ ಮಾತಾಡ್ತಿದ್ದೀರಿ. ನಾನು ಓನರ್ ಆಗಿ ಹೇಳ್ತೇನೆ. ಬಲ್ಬ್, ನಲ್ಲಿ ವಾಷರ್‌ಗೆಲ್ಲ ಫೋನ್ ಮಾಡೋ ಬಾಡಿಗೆದಾರರು ಇರ್ತಾರೆ. ಒಂದು ಮಿತಿ ಇಡೋದ್ರಲ್ಲಿ ತಪ್ಪೇನಿದೆ?

ದೇರಾ ದುಭಾಷಿ

ತಪ್ಪೇನಿಲ್ಲ ಸರ್. ಮಿತಿ ಸ್ಪಷ್ಟವಾಗಿ ಇರಲಿ ಅಂತ ಅಷ್ಟೇ.

ಈಗ 9. ಕುಂದಾಪ್ರ ಅವರು ಹೆದರಿದ ಸಾಲು. ಅರೇಬಿಕ್‌ನಲ್ಲಿ "ಅವಧಿಗೆ ಮುಂಚೆ ಮನೆ ಖಾಲಿ ಮಾಡಲು ಬಾಡಿಗೆದಾರ ಬಯಸಿದರೆ" ಅಂತ ಇದೆ. "ಇಖ್ಲಾ" ಅನ್ನೋದನ್ನು ತಾನಾಗಿ ಬಿಟ್ಟು ಹೋಗೋದಕ್ಕೂ ಬಳಸ್ತಾರೆ, ಹೊರಗೆ ಹಾಕೋದಕ್ಕೂ ಬಳಸ್ತಾರೆ. "ರಗ್ಬತುಲ್ ಮುಸ್ತಾಜಿರ್", ಬಾಡಿಗೆದಾರನ ಇಚ್ಛೆ, ಅನ್ನೋ ಪದ ಬಿಟ್ಟು ಅನುವಾದ ಮಾಡಿದರೆ ನಿಮಗೆ ಬಂದಂಥ ಇಂಗ್ಲಿಷ್ ಬರುತ್ತೆ. ಅವರು ಎಬ್ಬಿಸಿದರೆ ನೀವು ದಂಡ ಕೊಡಬೇಕಿಲ್ಲ. ನೀವು ನಡುವೆ ಬಿಟ್ಟು ಹೋದರೆ ಎರಡು ತಿಂಗಳ ಬಾಡಿಗೆ, ಅಂದರೆ 10,000 ದಿರ್ಹಮ್.

ಇದು ಬೇಡ ಅನ್ನಬೇಡಿ. ದುಬೈ ಕಾನೂನಿನಲ್ಲಿ ಬಾಡಿಗೆದಾರನಿಗೆ ನಡುವೆ ಬಿಟ್ಟು ಹೋಗುವ ಹಕ್ಕು ಅಂತ ಬೇರೆ ಇಲ್ಲ. 7ನೇ ಕಲಮಿನ ಪ್ರಕಾರ ಒಬ್ಬರೇ ಕರಾರು ಮುರಿಯೋಕೆ ಆಗಲ್ಲ. ಇಬ್ಬರೂ ಒಪ್ಪಬೇಕು. ಕೆಲಸ ಹೋಗಿ ಊರಿಗೆ ಹೊರಟರೆ, ಈ ಷರತ್ತು ಇದ್ದರೆ ಎರಡು ತಿಂಗಳಿನದು ಕೊಟ್ಟು ಉಳಿದ ಚೆಕ್ ವಾಪಸ್ ಕೇಳಬಹುದು. ಇಲ್ಲದಿದ್ದರೆ ಮಾಲೀಕನ ಕರುಣೆ.

ಕುಂದಾಪ್ರ ಹುಡುಗ

ಅಬ್ಬಾ! ನಾನು ತೆಗೆಸಬೇಕು ಅಂತಿದ್ದ ಷರತ್ತೇ ನನಗೆ ಒಳ್ಳೇದಾ? ಸರಿ, 11?

ದೇರಾ ದುಭಾಷಿ

11ರ ಅನುವಾದದಲ್ಲಿ ತಪ್ಪಿಲ್ಲ. ಅರೇಬಿಕ್‌ನಲ್ಲೂ ನಿಜವಾಗಿ ಹಾಗೇ ಇದೆ: ನೋಟಿಸ್ ಬೇಡ, ತೀರ್ಪು ಬೇಡ, ಅವಧಿ ಮುಗಿದರೆ ಮನೆ ಬಿಡಬೇಕು. ಇಂಥ ಸಾಲು ಹಳೇ ಕರಾರುಗಳಿಂದ ನಕಲಾಗಿ ಬರ್ತಾನೇ ಇರುತ್ತೆ. ದುಬೈ ಕಾನೂನಿನ ಮುಂದೆ ಅದಕ್ಕೆ ಬಲ ಇಲ್ಲ.

ಅವಧಿ ಮುಗಿದ ಮೇಲೂ ನೀವಿದ್ದು, ಮಾಲೀಕ ತಕರಾರು ಮಾಡದಿದ್ದರೆ ಕರಾರು ಅದೇ ಷರತ್ತಿನ ಮೇಲೆ ಮುಂದುವರಿಯುತ್ತೆ. ಷರತ್ತು ಬದಲಾಯಿಸಬೇಕಾದರೆ 90 ದಿನ ಮುಂಚೆ ತಿಳಿಸಬೇಕು. ಅವಧಿ ಮುಗಿದಾಗ ಎಬ್ಬಿಸಬೇಕಾದರೆ 25ನೇ ಕಲಮಿನ ಎರಡನೇ ಭಾಗದಲ್ಲಿ ನಾಲ್ಕೇ ಕಾರಣ: ಕೆಡವಿ ಕಟ್ಟೋದು, ಒಳಗೆ ಜನ ಇರುವಾಗ ಮಾಡಲಾಗದಂಥ ದೊಡ್ಡ ದುರಸ್ತಿ, ತಾನು ಅಥವಾ ತನ್ನ ಹತ್ತಿರದ ರಕ್ತಸಂಬಂಧಿ ಇರೋಕೆ, ಮಾರೋಕೆ. ಅದಕ್ಕೆ 12 ತಿಂಗಳ ನೋಟಿಸ್, ಅದೂ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ. ಏಜೆಂಟ್ ವಾಟ್ಸಾಪ್‌ನಲ್ಲಿ "ಮುಂದಿನ ವರ್ಷ ಖಾಲಿ ಮಾಡಿ" ಅಂದರೆ ಅದು ನೋಟಿಸ್ ಅಲ್ಲ. ತಾನಿರೋಕೆ ಅಂತ ಎಬ್ಬಿಸಿದರೆ ಎರಡು ವರ್ಷ ಬೇರೆಯವರಿಗೆ ಬಾಡಿಗೆಗೆ ಕೊಡೋ ಹಾಗಿಲ್ಲ. ಕೊಟ್ಟರೆ ನೀವು ಪರಿಹಾರ ಕೇಳಬಹುದು.

ಗಲ್ಫ್ ಹಳಬ

ನೋಡಿದ್ರಾ, 12 ತಿಂಗಳು ಅಂತ ನಾನು ಮೊದಲೇ ಹೇಳಿದ್ದೆ!

ದೇರಾ ದುಭಾಷಿ

ಹೇಳಿದ್ದು ಹೌದು, ಆದರೆ "ಕೊಡಲೇಬೇಕು" ಅಂದಿದ್ದೀರಿ, ಯಾವಾಗಲೂ ಹಾಗಲ್ಲ. ಅದೇ ಕಲಮಿನ ಮೊದಲ ಭಾಗ ಓದಿ. ಅವಧಿ ನಡೆಯುವಾಗಲೇ ಎಬ್ಬಿಸಬಹುದಾದ ಕಾರಣಗಳು ಅಲ್ಲಿವೆ. ಬಾಡಿಗೆ ಬಾಕಿ ಇದ್ದು, ನೋಟಿಸ್ ಮುಟ್ಟಿದ 30 ದಿನದಲ್ಲಿ ಕಟ್ಟದಿದ್ದರೆ ಸಾಕು. ಬರಹದ ಒಪ್ಪಿಗೆ ಇಲ್ಲದೆ ಒಳಬಾಡಿಗೆ ಕೊಟ್ಟರೂ ಸಾಕು. ನಮ್ಮವರು ಒಂದು ಬೆಡ್‌ರೂಮ್ ಹಿಡಿದು ಹಾಲ್‌ನಲ್ಲಿ ಪಾರ್ಟಿಷನ್ ಹಾಕಿ ಬೆಡ್‌ಸ್ಪೇಸ್ ಕೊಡ್ತಾರಲ್ಲ, ಅವರಿಗೆ 12 ತಿಂಗಳ ಭರವಸೆ ಇಲ್ಲ. ಆದರೆ ಇಲ್ಲೂ ಮಾಲೀಕ ತಾನೇ ಬಂದು ಬೀಗ ಬದಲಾಯಿಸೋ ಹಾಗಿಲ್ಲ, ವಿವಾದ ಕೇಂದ್ರದ ತೀರ್ಪು ಬೇಕು. ಕರೆಂಟ್ ನೀರು ಕಡಿದರೆ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿ.

ಸುಮಾ ಶಾರ್ಜಾ

ಒಂದು ಪ್ರಶ್ನೆ. ನಮ್ಮ ತಂಗಿ ದುಬೈಯಲ್ಲಿದ್ದಾಳೆ. ಅವಳಿಗೆ ಕರಾರಿನ ನಡುವೆ, ಜೂನ್‌ನಲ್ಲಿ ನೋಟರಿ ನೋಟಿಸ್ ಬಂತು. ಕರಾರು ಮುಗಿಯೋದು ನವೆಂಬರ್. 12 ತಿಂಗಳು ಜೂನ್‌ನಿಂದ ಎಣಿಸೋದಾ, ನವೆಂಬರ್‌ನಿಂದ ಎಣಿಸೋದಾ?

ದೇರಾ ದುಭಾಷಿ

ಇದರ ಬಗ್ಗೆ ನಮ್ಮ ಆಫೀಸಿನ ವಕೀಲರಲ್ಲೇ ಎರಡು ಮತ ಇದೆ. ಕಾನೂನಿನ ಸಾಲು "ಖಾಲಿ ಮಾಡುವ ದಿನಕ್ಕೆ 12 ತಿಂಗಳು ಮುಂಚೆ" ಅನ್ನುತ್ತೆ. ಹಾಗೆ ಓದಿದರೆ ಮುಂದಿನ ಜೂನ್. ಆದರೆ ಅದೇ ಕಲಮು "ಕರಾರು ಮುಗಿದಾಗ" ಅಂತಲೂ ಶುರುವಾಗುತ್ತೆ. ಅದಕ್ಕೇ ಮುಂದಿನ ಅವಧಿಯ ಕೊನೆವರೆಗೆ, ಅಂದರೆ ಮುಂದಿನ ನವೆಂಬರ್‌ವರೆಗೆ ಅಂತ ವಾದಿಸುವವರು ಇದ್ದಾರೆ. ತಂಗಿ ಜೂನ್ ಹತ್ತಿರ ಬರೋ ಮುಂಚೆ ನೋಟಿಸ್ ಹಿಡಿದು ವಕೀಲರನ್ನು ನೋಡಲಿ. ಇಲ್ಲಿ ಕೂತು ನಾನು ಹೂಂ ಅನ್ನಲಾರೆ.

ಗಲ್ಫ್ ಹಳಬ

ನನ್ನ ಸ್ನೇಹಿತನಿಗೆ ಜೂನ್ ಲೆಕ್ಕವೇ ಹಿಡಿದರು.

ಸುಮಾ ಶಾರ್ಜಾ

ನಮಗೆ ಗೊತ್ತಿರೋರೊಬ್ಬರಿಗೆ ಇನ್ನೊಂದು ಥರ ಆಯ್ತು. ಸರಿ, ವಕೀಲರ ಹತ್ತಿರ ಹೋಗೋಕೆ ಹೇಳ್ತೇನೆ.

ಕುಂದಾಪ್ರ ಹುಡುಗ

ಏಜೆಂಟ್ ಹತ್ತಿರ ಹೋಗಿ ಬಂದೆ. 11 ತೆಗೆಯಲ್ಲ ಅಂದ್ರು, "ಫಾರ್ಮ್ಯಾಟ್ ಹಾಗೇ" ಅಂತೆ. 6ಕ್ಕೆ ಮೊದಲು ಒಪ್ಪಲಿಲ್ಲ. 350, 450, 1,800ರ ಲೆಕ್ಕ ಕಾಗದದಲ್ಲಿ ಬರೆದು ತೋರಿಸಿದೆ. ಓನರ್‌ಗೆ ಫೋನ್ ಮಾಡಿದ್ರು. ಕೊನೆಗೆ "ವರ್ಷಕ್ಕೆ ಒಟ್ಟು 1,000, ಅದರ ಮೇಲೆ ಎಲ್ಲ ಮಾಲೀಕನದು" ಅಂತ ಪೆನ್ನಲ್ಲಿ ಅರೇಬಿಕ್‌ನಲ್ಲಿ ಬರೆದು ಏಜೆಂಟ್ ಸಹಿ ಹಾಕಿದ್ದಾರೆ. ಪೇಂಟಿಂಗ್ ಬಗ್ಗೆ ಒಂದು ಸಾಲು ಹೊಸದಾಗಿ ಸೇರಿಸಿದ್ದಾರೆ: ಬಿಡುವಾಗ ಬಣ್ಣ ಹೊಡೆಸೋದು ನನ್ನ ಖರ್ಚು. ಫೋಟೋ ಕಳಿಸಿದ್ದೇನೆ ಭಾಯ್.

ದೇರಾ ದುಭಾಷಿ

ನೋಡಿದೆ. ಬರೆದದ್ದು ಸರಿ ಇದೆ. "ಫಿಸ್ಸನ" ಅಂತಿದೆ, ವರ್ಷಕ್ಕೆ ಅಂತಲೇ ಅರ್ಥ.

ಆದರೆ ಸಹಿ ಏಜೆಂಟ್‌ದು. ಮಾಲೀಕನ ಪರವಾಗಿ ಸಹಿ ಹಾಕೋ ಅಧಿಕಾರಪತ್ರ ಅವರ ಹತ್ತಿರ ಇದೆಯಾ ಕೇಳಿ, ಪ್ರತಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ತಿದ್ದಿದ ಸಾಲಿನ ಪಕ್ಕ ಮಾಲೀಕನ ಸಹಿಯೇ ಬೇಕು, ನಿಮ್ಮದೂ ಬೇಕು. ಮಾಲೀಕತ್ವದ ಪತ್ರದಲ್ಲಿರುವ ಹೆಸರೂ ಕರಾರಿನ ಹೆಸರೂ ಒಂದೇನಾ ನೋಡಿ. ಡೆಪಾಸಿಟ್ ಚೆಕ್ ಆ ಹೆಸರಿಗೇ ಇರಲಿ, ಏಜೆಂಟ್ ಹೆಸರಿಗೆ ಬೇಡ. 11 ಇರಲಿ ಬಿಡಿ, ಅದಕ್ಕಾಗಿ ಮನೆ ಕಳಕೊಳ್ಳಬೇಡಿ.

ಪೇಂಟಿಂಗ್ ಸಾಲು ಸ್ವಲ್ಪ ಕಿರಿಕಿರಿ. ಷರತ್ತು 4 ಸವೆತ ಬಿಟ್ಟು ಅನ್ನುತ್ತೆ, ಇದು ಬಣ್ಣ ನಿಮ್ಮದು ಅನ್ನುತ್ತೆ. ಎರಡೂ ಒಂದೇ ಪುಟದಲ್ಲಿದೆ. ಯಾವುದು ಗೆಲ್ಲುತ್ತೆ ಅನ್ನೋದು ನ್ಯಾಯಾಧೀಶರು ಹೇಗೆ ಓದ್ತಾರೆ ಅನ್ನೋದರ ಮೇಲೆ. ಆಗುವುದಾದರೆ ಎಷ್ಟು ಮೊತ್ತ ಅಂತ ಈಗಲೇ ಬರೆಸಿ.

ಬನಶಂಕರಿ ಓನರ್

ಪೇಂಟಿಂಗ್ ಬಾಡಿಗೆದಾರನದೇ. ಅದರಲ್ಲಿ ವಾದ ಏನಿದೆ?

ಎಸಿ ಹಮೀದ್

ನೀವು ಬೆಂಗಳೂರಲ್ಲಿ ಹಿಡಿದುಕೊಳ್ಳಿ ಸರ್, ಅವರಿಗೆ ಇಲ್ಲಿ ಬೇಡ. ಕುಂದಾಪ್ರ ಅಣ್ಣಾ, ಕೀ ಸಿಕ್ಕಿದ ದಿನ ಎಸಿ ಒಂದು ಗಂಟೆ ಓಡಿಸಿ ನೋಡಿ. ತಂಪು ಬರದಿದ್ರೆ ಅವತ್ತೇ ಇಮೇಲ್ ಹಾಕಿ. ಆ ರಿಪೇರಿ ನಿಮ್ಮ 1,000ದ ಲೆಕ್ಕಕ್ಕೆ ಸೇರಬಾರದು, ಮೊದಲಿಂದಲೇ ಕೆಟ್ಟಿತ್ತು ಅಂತ ಹೇಳಬಹುದು.

ಕುಂದಾಪ್ರ ಹುಡುಗ

ಸರಿ ಹಮೀದ್ ಭಾಯ್. ಓನರ್ ಸಹಿಗೆ ಭಾನುವಾರ ಬನ್ನಿ ಅಂದಿದ್ದಾರೆ. ಪೇಂಟಿಂಗ್‌ಗೆ 600 ಅಂತ ಬರೆಸೋಕೆ ಕೇಳಿದ್ದೇನೆ, ಏಜೆಂಟ್ 900 ಅಂತಿದ್ದಾರೆ. ಒಂದು ಬೆಡ್‌ರೂಮಿಗೆ ಖಿಸೈಸ್ ಕಡೆ ನಿಜವಾಗಿ ಎಷ್ಟಾಗುತ್ತೆ, ಇತ್ತೀಚೆಗೆ ಯಾರಾದ್ರೂ ಹೊಡೆಸಿದ್ದೀರಾ?